ಬೀಮ್ ಅಧ್ಯಾಯವನ್ನು ಮೂರು ಹಾಳೆಗೆ ಇಳಿಸುವುದು ಹೇಗೆ: ಸಪೋರ್ಟ್, ಲೋಡ್, ಸೂತ್ರದ ಆಯ್ಕೆ

wL²/8 ಸೂತ್ರವನ್ನು ಮರೆತ ಸಿವಿಲ್ ವಿದ್ಯಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ. ಅದನ್ನು ಎಲ್ಲಿ ಹಾಕಬಾರದು ಎಂದು ಬರೆದಿಟ್ಟುಕೊಂಡವರೂ ಹೆಚ್ಚು ಸಿಕ್ಕಿಲ್ಲ. ಬೀಮ್ ಅಧ್ಯಾಯದ ಸಾರಾಂಶ ಎಂದು ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳು ತೋರಿಸುವ ನೋಟ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪಟ್ಟಿ. ಇಪ್ಪತ್ತು ಸೂತ್ರ, ಒಂದರ ಕೆಳಗೊಂದು, ಚಿತ್ರವಿಲ್ಲದೆ. ಪ್ರಶ್ನೆಪತ್ರಿಕೆಯಲ್ಲಿ ಬೀಮಿನ ಒಂದು ತುದಿ ಫಿಕ್ಸೆಡ್ ಆಗಿ, ಇನ್ನೊಂದು ರೋಲರ್ ಮೇಲೆ ಕೂತಿದ್ದರೆ ಆ ಪಟ್ಟಿ ಕೈಕೊಡುತ್ತದೆ. ಸೂತ್ರ ನೆನಪಿಲ್ಲದ್ದರಿಂದ ಹಾಗಾಗುವುದಲ್ಲ. ಯಾವ ಸೂತ್ರ ಯಾವ ಬೀಮಿನದು ಎಂಬುದು ನೋಟ್ಸ್‌ನಲ್ಲೇ ಇರುವುದಿಲ್ಲ.

ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ಅದಲುಬದಲು ಮಾಡಬೇಡಿ. ಮೊದಲ ಹಾಳೆ ಸಪೋರ್ಟ್‌ಗೆ, ಎರಡನೆಯದು ಲೋಡ್‌ಗೆ, ಸೂತ್ರ ಕೊನೆಯ ಹಾಳೆಗೆ.

## ಬೇಕಾದ ಸಾಮಾನು

ಅಡ್ಡಕ್ಕೆ ಹಿಡಿದ ಮೂರು ಎ4 ಹಾಳೆ, ಪೆನ್ಸಿಲ್, ರಬ್ಬರ್, ಸ್ಕೇಲು, ಕೆಂಪು ಪೆನ್ನು, ಕ್ಯಾಲ್ಕುಲೇಟರ್. ಜೊತೆಗೆ ನಿಮ್ಮ ಪಠ್ಯದ ಆ ಅಧ್ಯಾಯ. ಪಠ್ಯ ಒಂದೇ ಇರಲಿ. ಎರಡು ಪುಸ್ತಕ ಬೆರೆಸಿದರೆ ಅಕ್ಷರಗಳು ಬೆರೆತು ಏನು ಅನಾಹುತವಾಗುತ್ತದೆ ಎಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಮೊದಲ ಓದು, ಚಿತ್ರಗಳದ್ದು ಮಾತ್ರ

ಅಧ್ಯಾಯದ ಮೊದಲ ಪುಟದಿಂದ ಕೊನೆಯವರೆಗೆ ಚಿತ್ರಗಳನ್ನಷ್ಟೇ ನೋಡುತ್ತ ಹೋಗಿ. ಪ್ರತಿ ಬೀಮಿನ ಚಿತ್ರದ ಪಕ್ಕ ಪೆನ್ಸಿಲ್‌ನಲ್ಲಿ ಎರಡು ಗುರುತು ಹಾಕಿ: ತುದಿಗಳಲ್ಲಿ ಏನಿದೆ, ಮೇಲೆ ಏನಿದೆ. "ಹಿಂಜ್–ರೋಲರ್, ಯುಡಿಎಲ್", "ಫಿಕ್ಸೆಡ್–ಖಾಲಿ, ತುದಿಯಲ್ಲಿ ಪಾಯಿಂಟ್ ಲೋಡ್" ಎಂದಷ್ಟೇ ಸಾಕು. ಸೂತ್ರಕ್ಕೆ ಈಗ ಕೈಹಾಕಬೇಡಿ.

ಇದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಮುಗಿದಾಗ ಒಂದು ಸಂಗತಿ ತಾನಾಗಿ ಕಾಣುತ್ತದೆ. ಅಧ್ಯಾಯದಲ್ಲಿ ನಲವತ್ತು ಚಿತ್ರವಿದ್ದರೂ ತುದಿಗಳ ಜೋಡಿ ಐದಾರು ಬಗೆಯದಷ್ಟೇ, ಲೋಡ್ ನಾಲ್ಕು ಬಗೆಯದಷ್ಟೇ. ಉಳಿದದ್ದೆಲ್ಲ ಇವುಗಳ ಬೆರಕೆ.

## ಹಂತ 2: ಸಪೋರ್ಟ್ ಹಾಳೆ

ಇಲ್ಲಿ ಹೆಸರು, ವ್ಯಾಖ್ಯೆ ನಕಲು ಮಾಡುತ್ತ ಕೂರಬೇಡಿ. ಪ್ರತಿ ಸಪೋರ್ಟ್‌ಗೂ ಒಂದೇ ಪ್ರಶ್ನೆ ಕೇಳಿ: ಇದು ಬೀಮಿನ ಯಾವ ಚಲನೆಯನ್ನು ತಡೆಯುತ್ತದೆ? ಎಷ್ಟು ಚಲನೆ ತಡೆದರೆ ಅಷ್ಟು ರಿಯಾಕ್ಷನ್.

| ಸಪೋರ್ಟ್ | ತಡೆಯುವುದು | ರಿಯಾಕ್ಷನ್ | ತುದಿಯಲ್ಲಿ ಖಂಡಿತ ಸೊನ್ನೆ |
|---|---|---|---|
| ರೋಲರ್ | ಮೇಲೆ-ಕೆಳಗೆ | 1 | ಮೊಮೆಂಟ್ |
| ಹಿಂಜ್ | ಮೇಲೆ-ಕೆಳಗೆ, ಅಡ್ಡ | 2 | ಮೊಮೆಂಟ್ |
| ಫಿಕ್ಸೆಡ್ | ಮೇಲೆ-ಕೆಳಗೆ, ಅಡ್ಡ, ತಿರುಗುವಿಕೆ | 3 | ಓರೆ, ಡಿಫ್ಲೆಕ್ಷನ್ |
| ಖಾಲಿ ತುದಿ | ಏನೂ ಇಲ್ಲ | 0 | ಮೊಮೆಂಟ್, ಶಿಯರ್ |

ಖಾಲಿ ತುದಿಯ ಸಾಲು ಅಲ್ಲಿ ಲೋಡ್ ಇಲ್ಲದಾಗ ಮಾತ್ರ ನಿಜ. ತುದಿಯಲ್ಲೇ ಪಾಯಿಂಟ್ ಲೋಡ್ ನೇತುಹಾಕಿದರೆ ಅಲ್ಲಿ ಶಿಯರ್ ಸೊನ್ನೆಯಲ್ಲ. ಹಾಗೆಯೇ ಹಿಂಜ್, ರೋಲರ್‌ಗಳಲ್ಲಿ ಮೊಮೆಂಟ್ ಸೊನ್ನೆಯಾಗುವುದು ಅವು ಬೀಮಿನ ತುದಿಯಲ್ಲಿದ್ದು, ಅಲ್ಲಿ ಹೊರಗಿನ ಮೊಮೆಂಟ್ ಇಲ್ಲದಿದ್ದಾಗ. ಬೀಮ್ ಮುಂದುವರಿದು ನಡುವೆ ಕೂತ ರೋಲರ್ ಮೇಲೆ ಮೊಮೆಂಟ್ ಇದ್ದೇ ಇರುತ್ತದೆ. ಈ ಎರಡು ಷರತ್ತನ್ನು ಕೆಂಪು ಪೆನ್ನಿನಲ್ಲಿ ಕೋಷ್ಟಕದ ಕೆಳಗೇ ಬರೆಯಿರಿ.

ಈಗ ತುದಿಗಳನ್ನು ಜೋಡಿಸಿ ಬೀಮಿಗೆ ಹೆಸರಿಡಿ: ಸಿಂಪ್ಲಿ ಸಪೋರ್ಟೆಡ್, ಕ್ಯಾಂಟಿಲಿವರ್, ಓವರ್‌ಹ್ಯಾಂಗಿಂಗ್, ಪ್ರಾಪ್ಡ್ ಕ್ಯಾಂಟಿಲಿವರ್, ಫಿಕ್ಸೆಡ್, ಕಂಟಿನ್ಯೂಯಸ್. ಪ್ರತಿಯೊಂದರ ಮುಂದೆ ರಿಯಾಕ್ಷನ್‌ಗಳನ್ನು ಕೂಡಿಸಿ ಮೂರು ಕಳೆಯಿರಿ. ಸಮತೋಲನದ ಸಮೀಕರಣಗಳು ಮೂರೇ ಇರುವುದು, ಅದಕ್ಕೆ ಮೂರು. ಸಿಂಪ್ಲಿ ಸಪೋರ್ಟೆಡ್ ಬೀಮಿಗೆ 2+1−3, ಅಂದರೆ ಸೊನ್ನೆ. ಪ್ರಾಪ್ಡ್ ಕ್ಯಾಂಟಿಲಿವರ್‌ಗೆ 3+1−3, ಅಂದರೆ ಒಂದು. ಎರಡೂ ತುದಿ ಫಿಕ್ಸೆಡ್ ಆದರೆ ಮೂರು. ಬೀಮಿನ ನಡುವೆ ಒಳಹಿಂಜ್ ಇದ್ದರೆ ಒಂದೊಂದಕ್ಕೆ ಇನ್ನೂ ಒಂದು ಕಳೆಯಬೇಕು.

ಉತ್ತರ ಸೊನ್ನೆ ಬಂದ ಬೀಮುಗಳನ್ನು ಹಾಳೆಯ ಎಡಕ್ಕೆ, ಒಂದು ಅಥವಾ ಹೆಚ್ಚು ಬಂದವನ್ನು ಬಲಕ್ಕೆ ಬರೆದು ನಡುವೆ ದಪ್ಪ ಗೆರೆ ಎಳೆಯಿರಿ. ಸಾರಾಂಶದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ಈ ಗೆರೆಯೇ. ಎಡಗಡೆಯ ಬೀಮುಗಳಿಗೆ ಸೂತ್ರ ಮರೆತರೂ ರಿಯಾಕ್ಷನ್, ಶಿಯರ್, ಮೊಮೆಂಟ್ ಎಂದು ಕೈಯಲ್ಲೇ ಲೆಕ್ಕ ಹಾಕಬಹುದು. ಬಲಗಡೆಯವಕ್ಕೆ ಬೀಮ್ ಎಷ್ಟು ಬಾಗುತ್ತದೆ ಎಂಬ ಲೆಕ್ಕವೂ ಸೇರದ ಹೊರತು ರಿಯಾಕ್ಷನ್ ಕೂಡ ಸಿಗುವುದಿಲ್ಲ. ಬಲಗಡೆಯ ಬೀಮಿನಲ್ಲಿ ಬರೀ ಮೊಮೆಂಟ್ ಸಮೀಕರಣ ಹಿಡಿದು ಅರ್ಧ ಪುಟ ಬರೆದಿದ್ದೀರಿ ಎಂದಾದರೆ ಅಲ್ಲೇ ನಿಲ್ಲಿಸಿ. ದಾರಿ ತಪ್ಪಿದೆ.

ಸೈಟಿನ ಉದಾಹರಣೆಯನ್ನೂ ಒಂದೊಂದು ಪದದಲ್ಲಿ ಬರೆದುಕೊಳ್ಳಿ. ಇಟ್ಟಿಗೆ ಗೋಡೆಯ ಮೇಲೆ ಸುಮ್ಮನೆ ಕೂತ ಬೀಮನ್ನು ಸಿಂಪ್ಲಿ ಸಪೋರ್ಟೆಡ್ ಎಂದು ಹಿಡಿಯುತ್ತೇವೆ. ಕಿಟಕಿಯ ಸಜ್ಜಾ ಕ್ಯಾಂಟಿಲಿವರ್‌ನಂತೆ ಕೆಲಸ ಮಾಡುತ್ತದೆ. ಕಾಲಂ ಜೊತೆ ಒಟ್ಟಿಗೆ ಕಾಂಕ್ರೀಟ್ ಹಾಕಿದ ಬೀಮಿನ ತುದಿ ಮಾತ್ರ ಪೂರ್ತಿ ಹಿಂಜೂ ಅಲ್ಲ, ಪೂರ್ತಿ ಫಿಕ್ಸೆಡ್ಡೂ ಅಲ್ಲ. ಕಾಲಂ ಎಷ್ಟು ಗಟ್ಟಿ ಎಂಬುದರ ಮೇಲೆ ಅದು ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಪಠ್ಯದ ಫಿಕ್ಸೆಡ್ ಸೂತ್ರವನ್ನು ಅದಕ್ಕೆ ಕಣ್ಣುಮುಚ್ಚಿ ಹಾಕಬಾರದು.

ಇದೇ ಹಾಳೆಯ ಮೂಲೆಯಲ್ಲಿ L ಅಂದರೆ ಏನೆಂದೂ ಬರೆಯಿರಿ. ಅದು ಗೋಡೆಯಿಂದ ಗೋಡೆಗೆ ಟೇಪು ಹಿಡಿದ ಅಳತೆಯಲ್ಲ. ಸಿಂಪ್ಲಿ ಸಪೋರ್ಟೆಡ್ ಬೀಮಿಗೆ ಐಎಸ್ 456 ಪ್ರಕಾರ ಎರಡು ಅಳತೆ ತೆಗೆದುಕೊಳ್ಳಬೇಕು. ಒಂದು, ಸಪೋರ್ಟ್‌ಗಳ ನಡುವಿನ ತೆರಪಿಗೆ ಬೀಮಿನ ಎಫೆಕ್ಟಿವ್ ಡೆಪ್ತ್ ಕೂಡಿಸಿದ್ದು. ಇನ್ನೊಂದು, ಸಪೋರ್ಟ್‌ಗಳ ಮಧ್ಯದಿಂದ ಮಧ್ಯಕ್ಕೆ ಇರುವ ದೂರ. ಎರಡರಲ್ಲಿ ಕಡಿಮೆಯದೇ L. ಯುಡಿಎಲ್ ಇದ್ದಾಗ ಮೊಮೆಂಟ್‌ನಲ್ಲಿ L ವರ್ಗವಾಗುತ್ತದೆ, ಡಿಫ್ಲೆಕ್ಷನ್‌ನಲ್ಲಿ ನಾಲ್ಕನೇ ಘಾತಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿನ ಸಣ್ಣ ತಪ್ಪು ಮುಂದೆ ದೊಡ್ಡದಾಗುತ್ತದೆ.

## ಹಂತ 3: ಲೋಡ್ ಹಾಳೆ

ನಾಲ್ಕು ಚಿತ್ರ ಬಿಡಿಸಿ: ಪಾಯಿಂಟ್ ಲೋಡ್, ಯುಡಿಎಲ್, ತ್ರಿಕೋನದ ಯುವಿಎಲ್, ಒಂದು ಜಾಗದಲ್ಲಿ ಕೊಟ್ಟ ಮೊಮೆಂಟ್. ಪ್ರತಿಯೊಂದರ ಕೆಳಗೆ ಮಾನ ಬರೆಯಿರಿ. ಪಾಯಿಂಟ್ ಲೋಡ್ ಕಿಲೋನ್ಯೂಟನ್‌ನಲ್ಲಿ (ಮುಂದೆ ಕಿ.ನ್ಯೂ. ಎನ್ನುತ್ತೇನೆ), ಯುಡಿಎಲ್ ಕಿ.ನ್ಯೂ./ಮೀ., ಯುವಿಎಲ್ ಕೂಡ ಅದೇ ಮಾನದಲ್ಲಿ ಆದರೆ ಎತ್ತರದ ತುದಿಯ ಬೆಲೆ, ಮೊಮೆಂಟ್ ಕಿ.ನ್ಯೂ.ಮೀ.

ಈ ಹಾಳೆಯಲ್ಲಿ ಎರಡು ಕಡೆ ಎಡವುತ್ತಾರೆ.

ಮೊದಲನೆಯದು ಅಕ್ಷರದ್ದು. ಕೆಲವು ಪಠ್ಯಗಳಲ್ಲಿ ಸಣ್ಣ w ಅಂದರೆ ಒಂದು ಮೀಟರ್‌ಗೆ ಬೀಳುವ ಲೋಡ್. ಇನ್ನು ಕೆಲವದರಲ್ಲಿ ದೊಡ್ಡ W ಅಂದರೆ ಇಡೀ ಬೀಮಿನ ಮೇಲಿನ ಒಟ್ಟು ಲೋಡ್, ಅಂದರೆ w×L. ಅಲ್ಲಿ ಅದೇ ಮೊಮೆಂಟ್ WL/8 ಎಂದು ಅಚ್ಚಾಗಿರುತ್ತದೆ. ಡಿಫ್ಲೆಕ್ಷನ್ ಒಂದು ಕಡೆ 5wL⁴/384EI, ಇನ್ನೊಂದು ಕಡೆ 5WL³/384EI. ಎರಡೂ ಸರಿ, ಎರಡೂ ಒಂದೇ. ಸಾಲದ್ದಕ್ಕೆ ಪಾಯಿಂಟ್ ಲೋಡಿಗೂ W ಬಳಸುವ ಪುಸ್ತಕಗಳಿವೆ. ಎರಡು ಪುಸ್ತಕದಿಂದ ಒಂದೊಂದು ಸಾಲು ಎತ್ತಿಕೊಂಡವರು ಒಟ್ಟು ಲೋಡನ್ನು wL² ಒಳಗೆ ಹಾಕಿ, 6 ಮೀಟರ್ ಬೀಮಿಗೆ ಆರು ಪಟ್ಟು ಮೊಮೆಂಟ್ ತೆಗೆದದ್ದನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹಾಳೆಯ ತಲೆಯಲ್ಲೇ "w = ಪ್ರತಿ ಮೀಟರ್‌ಗೆ, P = ಪಾಯಿಂಟ್ ಲೋಡ್, W ಬಳಸುವುದಿಲ್ಲ" ಎಂದು ಬರೆದು, ಪಠ್ಯದ ಪ್ರತಿ ಸೂತ್ರವನ್ನೂ ಈ ಅಕ್ಷರಗಳಿಗೆ ಬದಲಾಯಿಸಿಕೊಂಡೇ ಇಳಿಸಿ.

ಎರಡನೆಯದು ಚದರ ಮೀಟರಿನ ಲೋಡ್ ಬೀಮಿನ ಮೀಟರಿಗೆ ಇಳಿಯುವ ಜಾಗ. ಸ್ಲ್ಯಾಬಿನ ಲೋಡ್ ಕಿ.ನ್ಯೂ./ಚ.ಮೀ. ಆಗಿರುತ್ತದೆ. ಅದನ್ನು ಆ ಬೀಮು ಹೊರುವ ಪಟ್ಟಿಯ ಅಗಲದಿಂದ ಗುಣಿಸಬೇಕು. ಒನ್-ವೇ ಸ್ಲ್ಯಾಬ್ ಆದರೆ ಎರಡು ಕಡೆಯೂ ಅರ್ಧರ್ಧ ಬೀಮಿಗೆ ಬರುತ್ತದೆ. ಸ್ಲ್ಯಾಬಿನ ಉದ್ದ ಅಗಲದ ಎರಡು ಪಟ್ಟಿಗಿಂತ ಕಡಿಮೆಯಿದ್ದು ನಾಲ್ಕೂ ಕಡೆ ಬೀಮಿದ್ದರೆ ಅದು ಟೂ-ವೇ. ಆಗ ಚಿಕ್ಕ ಬೀಮಿಗೆ ಬರುವುದು ತ್ರಿಕೋನ, ಉದ್ದದ ಬೀಮಿಗೆ ಬರುವುದು ಟ್ರೆಪಿಜಿಯಂ. ಅಲ್ಲಿ ಯುಡಿಎಲ್ ಸೂತ್ರ ನೇರವಾಗಿ ಹಿಡಿಯುವುದಿಲ್ಲ.

ಇನ್ನೊಂದು ಸಾಲು ಸೇರಿಸಿ: "ಸರ್ವಿಸ್ ಲೋಡ್ ಅಥವಾ ಫ್ಯಾಕ್ಟರ್ಡ್?" ಲಿಮಿಟ್ ಸ್ಟೇಟ್ ಡಿಸೈನಿನಲ್ಲಿ ಡೆಡ್ ಮತ್ತು ಲೈವ್ ಲೋಡ್‌ಗಳನ್ನು 1.5ರಿಂದ ಗುಣಿಸುತ್ತೇವೆ. ಲೋಡಿನಲ್ಲಿ ಗುಣಿಸಿದವರು ಮೊಮೆಂಟ್‌ನಲ್ಲಿ ಮತ್ತೆ ಗುಣಿಸಬಾರದು. ಡಿಫ್ಲೆಕ್ಷನ್ ನೋಡುವಾಗ 1.5 ಬರುವುದೇ ಇಲ್ಲ.

## ಹಂತ 4: ಸೂತ್ರದ ಹಾಳೆ, ಪ್ರತಿ ಸೂತ್ರಕ್ಕೂ ಒಂದು ವಿಳಾಸ

ಮೊದಲ ಎರಡು ಹಾಳೆ ಮುಗಿಯದೆ ಇದನ್ನು ಮುಟ್ಟಬೇಡಿ. ಇಲ್ಲಿ ಸೂತ್ರಕ್ಕೆ ಮುಂಚೆ ಚಿತ್ರ ಬರಬೇಕು. ಚಿತ್ರದ ಪಕ್ಕ ನಾಲ್ಕು ಸಂಗತಿ: ಏನು ಸಿಗುತ್ತದೆ, ಬೀಮಿನ ಯಾವ ಜಾಗದಲ್ಲಿ, ಕಂಬಿ ಮೇಲೋ ಕೆಳಗೋ, ಎಲ್ಲಿಗೆ ಈ ಸೂತ್ರ ನಿಲ್ಲುತ್ತದೆ. ಇವು ನಾಲ್ಕೂ ಇಲ್ಲದ ಸೂತ್ರವನ್ನು ಹಾಳೆಗೆ ಸೇರಿಸಬೇಡಿ.

"ಯಾವ ಜಾಗದಲ್ಲಿ" ಎಂಬುದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ wL²/8 ಸಾಕು. ಪೂರ್ತಿ ಸ್ಪ್ಯಾನಿನ ಮೇಲೆ ಯುಡಿಎಲ್ ಇರುವ ಮೂರು ಬೀಮುಗಳನ್ನು ನೋಡಿ. ಸಿಂಪ್ಲಿ ಸಪೋರ್ಟೆಡ್ ಬೀಮಿನಲ್ಲಿ ನಡುವೆ wL²/8 ಬರುತ್ತದೆ, ಬೀಮ್ ಕೆಳಕ್ಕೆ ಜೋತುಬೀಳುತ್ತದೆ, ಕಂಬಿ ಕೆಳಗೆ. ಪ್ರಾಪ್ಡ್ ಕ್ಯಾಂಟಿಲಿವರ್‌ನಲ್ಲೂ wL²/8 ಬರುತ್ತದೆ, ಆದರೆ ಫಿಕ್ಸೆಡ್ ತುದಿಯಲ್ಲಿ, ಕಂಬಿ ಮೇಲೆ. ಅದರ ಜೋತುಬೀಳುವ ಗರಿಷ್ಠ ಮೊಮೆಂಟ್ ಬೇರೆಯೇ, 9wL²/128, ರೋಲರ್‌ನಿಂದ 3L/8 ದೂರದಲ್ಲಿ. ಮೂರನೆಯದು ಸಮನಾದ ಎರಡು ಸ್ಪ್ಯಾನಿನ ಕಂಟಿನ್ಯೂಯಸ್ ಬೀಮ್. ಎರಡೂ ಸ್ಪ್ಯಾನ್ ತುಂಬಿದ್ದರೆ ನಡುವಿನ ಸಪೋರ್ಟ್ ಮೇಲೆ wL²/8, ಕಂಬಿ ಮತ್ತೆ ಮೇಲೆ. ಒಂದೇ ಸಂಖ್ಯೆ, ಮೂರು ಜಾಗ, ಎರಡು ದಿಕ್ಕು. ಪಟ್ಟಿ ಮಾಡಿಕೊಂಡವರ ನೋಟ್ಸ್‌ನಲ್ಲಿ ಇದು ಒಂದೇ ಸಾಲಾಗಿ ಕೂತಿರುತ್ತದೆ.

ಕಂಬಿ ಮೇಲೋ ಕೆಳಗೋ ಎಂಬುದನ್ನು ಡಿಸೈನ್ ವಿಷಯಕ್ಕೆ ಬಿಡೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಜ್ಜಾದ ಮುಖ್ಯ ಕಂಬಿ ಕೆಳಗಿಟ್ಟು ಕಾಂಕ್ರೀಟ್ ಸುರಿದರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಅದು ಬೀಳಬಹುದು. ಮೇಲೆ ಕಟ್ಟಿದ ಕಂಬಿಯನ್ನು ಕೆಲಸಗಾರರು ತುಳಿದು ಕೆಳಕ್ಕಿಳಿಸಿದರೂ ಅದೇ ಅಪಾಯ. ಮೊಮೆಂಟ್‌ನ ಚಿಹ್ನೆ ಹೇಳುವುದು ಇದನ್ನೇ, ಆದ್ದರಿಂದ ಅದು ಸೂತ್ರದ ಪಕ್ಕದಲ್ಲೇ ಇರಲಿ.

"ಎಲ್ಲಿಗೆ ನಿಲ್ಲುತ್ತದೆ" ಎಂಬುದಕ್ಕೆ ಒಳ್ಳೆಯ ಉದಾಹರಣೆ ಐಎಸ್ 456ರ 12ನೇ ಕೋಷ್ಟಕದ ಕಂಟಿನ್ಯೂಯಸ್ ಬೀಮಿನ ಗುಣಾಂಕಗಳು. ತುದಿಯ ಪಕ್ಕದ ಸಪೋರ್ಟ್‌ಗೆ ಡೆಡ್ ಲೋಡಿನಲ್ಲಿ 1/10, ಲೈವ್ ಲೋಡಿನಲ್ಲಿ 1/9. ಬಳಸಲು ಬಲು ಸಲೀಸು. ಆದರೆ ಕನಿಷ್ಠ ಮೂರು ಸ್ಪ್ಯಾನ್ ಇರಬೇಕು, ಸ್ಪ್ಯಾನುಗಳ ವ್ಯತ್ಯಾಸ ಅತಿ ಉದ್ದದ ಸ್ಪ್ಯಾನಿನ ಶೇ. 15 ಮೀರಬಾರದು, ಲೋಡ್ ಯುಡಿಎಲ್ ಆಗಿರಬೇಕು. ಇದನ್ನು ಎರಡು ಸ್ಪ್ಯಾನಿಗೆ ಹಾಕಿದವರ ಸಂಖ್ಯೆ ಸಣ್ಣದಲ್ಲ.

ಹಾಳೆಗೆ ಇಳಿಸಬೇಕಾದ ಕನಿಷ್ಠ ಸೂತ್ರಗಳು ಇಷ್ಟು:

```
ಸಿಂಪ್ಲಿ ಸಪೋರ್ಟೆಡ್
  ಯುಡಿಎಲ್          M = wL²/8 (ನಡುವೆ)      δ = 5wL⁴/384EI
  P ನಡುವೆ          M = PL/4 (ನಡುವೆ)       δ = PL³/48EI
  P, a ಮತ್ತು b ದೂರ   M = Pab/L (P ಕೆಳಗೆ)
ಕ್ಯಾಂಟಿಲಿವರ್
  ಯುಡಿಎಲ್          M = wL²/2 (ಫಿಕ್ಸೆಡ್ ತುದಿ)  δ = wL⁴/8EI
  P ಖಾಲಿ ತುದಿಯಲ್ಲಿ    M = PL (ಫಿಕ್ಸೆಡ್ ತುದಿ)    δ = PL³/3EI
ಎರಡೂ ತುದಿ ಫಿಕ್ಸೆಡ್
  ಯುಡಿಎಲ್          M = wL²/12 (ತುದಿ), wL²/24 (ನಡುವೆ)
  P ನಡುವೆ          M = PL/8 (ತುದಿ), PL/8 (ನಡುವೆ)
```

ಪ್ರಾಪ್ಡ್ ಕ್ಯಾಂಟಿಲಿವರ್ ಮತ್ತು ಎರಡು ಸ್ಪ್ಯಾನಿನ ಬೀಮನ್ನು ಮೇಲೆ ಹೇಳಿದಂತೆ ಚಿತ್ರ ಸಹಿತ ಸೇರಿಸಿ. ಇನ್ನೂ ಹೆಚ್ಚು ತುಂಬಬೇಡಿ. ಎಡಗಡೆಯ ಗುಂಪಿನ ಉಳಿದ ಬೀಮುಗಳನ್ನು ಕೈಯಲ್ಲಿ ಬಿಡಿಸಬಹುದು.

## ಹಂತ 5: ಒಂದು ಲೆಕ್ಕ ಬಿಡಿಸಿ ಹಾಳೆಯನ್ನು ಪರೀಕ್ಷಿಸಿ

ಮನೆಯ ತಾರಸಿಯ ಒಂದು ಬೀಮು ತೆಗೆದುಕೊಳ್ಳೋಣ. ಎರಡು ಇಟ್ಟಿಗೆ ಗೋಡೆಗಳ ಮೇಲೆ ಕೂತಿದೆ, L 6 ಮೀಟರ್. ಬೀಮುಗಳ ನಡುವಿನ ಅಂತರ 2.5 ಮೀಟರ್, ಮೇಲೆ 120 ಮಿ.ಮೀ. ಸ್ಲ್ಯಾಬ್. ಎಡ ಗೋಡೆಯಿಂದ 2 ಮೀಟರ್ ದೂರದಲ್ಲಿ 5,000 ಲೀಟರ್ ನೀರಿನ ಟ್ಯಾಂಕಿನ ಕಟ್ಟೆ ಕೂತಿದೆ. ಟ್ಯಾಂಕ್, ನೀರು, ಕಟ್ಟೆ ಸೇರಿ 60 ಕಿ.ನ್ಯೂ. ಅದರ ಅರ್ಧ ಈ ಬೀಮಿಗೆ ಎಂದಿಟ್ಟುಕೊಳ್ಳಿ.

ಸಪೋರ್ಟ್ ಹಾಳೆ: ಗೋಡೆಯ ಮೇಲೆ ಕೂತಿದೆ, ಸಿಂಪ್ಲಿ ಸಪೋರ್ಟೆಡ್, ಎಡಗಡೆಯ ಗುಂಪು. ಕೈಯಲ್ಲಿ ಬಿಡಿಸಬಹುದು.

ಲೋಡ್ ಹಾಳೆ: ಸ್ಲ್ಯಾಬಿನ ಭಾರ 0.12×25, ಅಂದರೆ 3. ತಾರಸಿಯ ಮೇಲ್ಪದರಕ್ಕೆ 1.5, ಓಡಾಡುವ ತಾರಸಿಯ ಲೈವ್ ಲೋಡ್ 1.5. ಒಟ್ಟು 6 ಕಿ.ನ್ಯೂ./ಚ.ಮೀ. ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿರುವುದರಿಂದ ಒನ್-ವೇ. 2.5ರಿಂದ ಗುಣಿಸಿದರೆ 15 ಕಿ.ನ್ಯೂ./ಮೀ. ಸ್ಲ್ಯಾಬಿನ ಕೆಳಗೆ ಬೀಮು 300 ಮಿ.ಮೀ. ಅಗಲ, 400 ಮಿ.ಮೀ. ಆಳ ಇದ್ದರೆ ಸ್ವಂತ ಭಾರ 0.3×0.4×25, ಅಂದರೆ 3. ಹಾಗಾಗಿ w 18 ಕಿ.ನ್ಯೂ./ಮೀ., P 30 ಕಿ.ನ್ಯೂ. ಇವು ಸರ್ವಿಸ್ ಲೋಡ್.

ಸೂತ್ರದ ಹಾಳೆ: ಯುಡಿಎಲ್‌ಗೆ wL²/8, ಅಂದರೆ 81 ಕಿ.ನ್ಯೂ.ಮೀ. ಟ್ಯಾಂಕಿಗೆ Pab/L, ಅಂದರೆ 30×2×4/6, 40 ಕಿ.ನ್ಯೂ.ಮೀ. ಎರಡನ್ನೂ ಕೂಡಿಸಿ 121 ಎಂದು ಬರೆಯುವ ಆಸೆ ಇಲ್ಲೇ ಬರುತ್ತದೆ. ಆದರೆ ವಿಳಾಸ ಓದಿ. 81 ಇರುವುದು ನಡುವೆ, 3 ಮೀಟರ್‌ನಲ್ಲಿ. 40 ಇರುವುದು ಟ್ಯಾಂಕಿನ ಕೆಳಗೆ, 2 ಮೀಟರ್‌ನಲ್ಲಿ. ಬೇರೆ ಬೇರೆ ಜಾಗದ ಗರಿಷ್ಠಗಳನ್ನು ಕೂಡಿಸುವಂತಿಲ್ಲ, ಒಂದೇ ಜಾಗದ ಬೆಲೆಗಳನ್ನು ಕೂಡಿಸಬಹುದು.

ಸರಿಯಾದ ದಾರಿ ಇದು. ಯುಡಿಎಲ್‌ನಿಂದ ಎರಡೂ ಗೋಡೆಗೆ 54, ಟ್ಯಾಂಕಿನಿಂದ ಎಡಕ್ಕೆ 20, ಬಲಕ್ಕೆ 10. ಎಡ ರಿಯಾಕ್ಷನ್ 74, ಬಲದ್ದು 64, ಒಟ್ಟು 138. ಹಾಕಿದ ಲೋಡ್ 18×6+30, ಅದೂ 138. ಇನ್ನು ಎಡದಿಂದ ಶಿಯರ್ ಹಿಡಿದು ಬನ್ನಿ. 2 ಮೀಟರ್ ತಲುಪುವಾಗ 74−36, ಅಂದರೆ 38. ಟ್ಯಾಂಕ್ ದಾಟಿದ ಕೂಡಲೇ 8. ಅದು ಸೊನ್ನೆಯಾಗಲು ಇನ್ನೂ 8/18, ಅಂದರೆ 0.44 ಮೀಟರ್ ಬೇಕು. ಗರಿಷ್ಠ ಮೊಮೆಂಟ್ ಎಡದಿಂದ 2.44 ಮೀಟರ್‌ನಲ್ಲಿದೆ. ಬಲಗಡೆಯಿಂದ ಲೆಕ್ಕ ಹಾಕಿದರೆ 64²/(2×18), ಸುಮಾರು 113.8 ಕಿ.ನ್ಯೂ.ಮೀ. ಟ್ಯಾಂಕಿನ ಕೆಳಗೆ 112, ನಡುವೆ 111. ಎರಡೂ ಇದಕ್ಕಿಂತ ತುಸು ಕಡಿಮೆ, ಆಗಬೇಕಾದದ್ದೂ ಹಾಗೆಯೇ.

121 ಹಿಡಿದರೂ ಬೀಮು ಗಟ್ಟಿಯಾಗಿಯೇ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿ ಎರಡೂ ಮೊಮೆಂಟ್ ಒಂದೇ ದಿಕ್ಕಿನವಾದ್ದರಿಂದ ಪಾರಾದಿರಿ. ಓವರ್‌ಹ್ಯಾಂಗಿಂಗ್ ಬೀಮಿನಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬಾಗಿಸುತ್ತದೆ. ಅಲ್ಲಿ ಚಿಹ್ನೆ ಸಮೇತ ಕೂಡಿಸಿದಾಗ ಒಂದು ಇನ್ನೊಂದನ್ನು ತಿಂದು, ಬೇಕಾದ್ದಕ್ಕಿಂತ ಕಡಿಮೆ ಮೊಮೆಂಟ್ ಸಿಗುತ್ತದೆ.

## ಹಂತ 6: ತಪ್ಪು ಹಿಡಿಯುವ ಗುರುತುಗಳು

ಸೂತ್ರದ ಹಾಳೆಯ ಹಿಂಬದಿಗೆ ಇವನ್ನು ಬರೆಯಿರಿ.

ಮಾನ ನೋಡಿ. ಮೊಮೆಂಟ್ ಕಿ.ನ್ಯೂ.ಮೀ.ನಲ್ಲೇ ಬರಬೇಕು. ಬಂದದ್ದು ಕಿ.ನ್ಯೂ.ಮೀ.² ಆಗಿದ್ದರೆ ಒಟ್ಟು ಲೋಡನ್ನು w ಜಾಗದಲ್ಲಿ ಹಾಕಿದ್ದೀರಿ.

ಎರಡೂ ತುದಿ ಫಿಕ್ಸೆಡ್ ಇದ್ದು ಲೋಡ್ ಎರಡೂ ಬದಿಗೆ ಸಮನಾಗಿದ್ದರೆ, ತುದಿಯ ಮೊಮೆಂಟನ್ನೂ ನಡುವಿನದನ್ನೂ ಚಿಹ್ನೆ ಬಿಟ್ಟು ಕೂಡಿಸಿ. ಅದೇ ಲೋಡಿಗೆ ಸಿಂಪ್ಲಿ ಸಪೋರ್ಟೆಡ್ ಬೀಮಿನ ನಡುವಿನ ಮೊಮೆಂಟ್ ಬರಲೇಬೇಕು. wL²/12 ಮತ್ತು wL²/24 ಕೂಡಿಸಿದರೆ wL²/8, PL/8 ಎರಡು ಸಲ ಕೂಡಿಸಿದರೆ PL/4. ಸೂತ್ರ ಅರ್ಧ ಮರೆತಾಗ ಉಳಿದರ್ಧವನ್ನು ಇದರಿಂದಲೇ ಹೊರಡಿಸಬಹುದು.

ತುದಿ ಬಿಗಿಯಾದಷ್ಟೂ ಬೀಮು ಕಡಿಮೆ ಬಾಗಬೇಕು. ಯುಡಿಎಲ್‌ನಲ್ಲಿ ಸಿಂಪ್ಲಿ ಸಪೋರ್ಟೆಡ್ ಬೀಮಿನ ಡಿಫ್ಲೆಕ್ಷನ್ 5wL⁴/384EI, ಎರಡೂ ತುದಿ ಫಿಕ್ಸೆಡ್ ಆದರೆ wL⁴/384EI, ಐದನೇ ಒಂದು ಭಾಗ. ನಿಮ್ಮ ಉತ್ತರದಲ್ಲಿ ಫಿಕ್ಸೆಡ್ ಬೀಮು ಹೆಚ್ಚು ಬಾಗಿದ್ದರೆ ತಪ್ಪಾದ ವಿಳಾಸದ ಸೂತ್ರ ಎತ್ತಿದ್ದೀರಿ.

## ಹಂತ 7: ಪುಸ್ತಕ ಮುಚ್ಚಿ ನೋಡುವುದು

ಒಂದು ವಾರ ಬಿಟ್ಟು, ಗೆಳೆಯರೊಬ್ಬರ ಕೈಯಲ್ಲಿ ಐದು ಬೀಮಿನ ಚಿತ್ರ ಬಿಡಿಸಿಸಿಕೊಳ್ಳಿ. ಸಂಖ್ಯೆ ಬೇಡ, ತುದಿ ಮತ್ತು ಲೋಡ್ ಮಾತ್ರ. ಪ್ರತಿ ಚಿತ್ರಕ್ಕೂ ಎಡಗಡೆಯೋ ಬಲಗಡೆಯೋ, ಗರಿಷ್ಠ ಮೊಮೆಂಟ್ ಎಲ್ಲಿ, ಕಂಬಿ ಮೇಲೋ ಕೆಳಗೋ ಎಂದು ಬರೆದು, ಆಮೇಲೆ ಸೂತ್ರ ಬರೆಯಿರಿ. ತಪ್ಪಾದ ಚಿತ್ರವನ್ನು ಹಾಳೆಯಲ್ಲಿ ಹುಡುಕಿ. ಅಲ್ಲಿ ಅದು ಇಲ್ಲದಿದ್ದರೆ ಸೇರಿಸಿ. ಇದ್ದೂ ತಪ್ಪಾಗಿದ್ದರೆ ಆ ಸೂತ್ರದ ನಾಲ್ಕು ಸಂಗತಿಗಳಲ್ಲಿ ಯಾವುದೋ ಒಂದನ್ನು ಬರೆದಿರುವುದಿಲ್ಲ. ನಾನು ಕಂಡಂತೆ ಬಿಟ್ಟುಹೋಗುವುದು ಹೆಚ್ಚಾಗಿ "ಯಾವ ಜಾಗದಲ್ಲಿ" ಎಂಬುದೇ. ಅದನ್ನು ಕೆಂಪು ಪೆನ್ನಿನಲ್ಲಿ ಚಿತ್ರದ ಮೇಲೇ ಬಾಣ ಹಾಕಿ ತೋರಿಸಿ.